ಮದುವೆ ಅಡುಗೆಯ ದರಪಟ್ಟಿ: 2026 ನವೆಂಬರ್ 28 ಮತ್ತು 29

ತುಮಕೂರು
ದಿನಾಂಕ: 12-08-2026

ಮಾನ್ಯರಿಗೆ ನಮಸ್ಕಾರಗಳು.

ಕಳೆದ ಭಾನುವಾರ ತಾವೂ ಅಮ್ಮನವರೂ ನಮ್ಮಲ್ಲಿಗೆ ಬಂದು ಮಗಳ ಮದುವೆಯ ಅಡುಗೆ ವಿಷಯ ಮಾತಾಡಿದಿರಿ. ಅಂದು ಬಾಯಿಮಾತಿನಲ್ಲಿ ಹೇಳಿದ್ದನ್ನೆಲ್ಲ ಲೆಕ್ಕ ಹಾಕಿ, ಒಂದೊಂದು ಎಲೆಗೆ ಎಷ್ಟು ಬೀಳುತ್ತದೆ, ಏಕೆ ಬೀಳುತ್ತದೆ ಎಂದು ಬರೆದಿದ್ದೇನೆ. ಮನೆಯ ಹಿರಿಯರ ಜೊತೆ ಕೂತು ಓದಿ. ಯಾವುದು ಒಪ್ಪಿಗೆಯಿಲ್ಲವೋ ಅದನ್ನು ಈಗಲೇ ಹೇಳಿಬಿಡಿ. ಮದುವೆ ದಿನ ಅಡುಗೆಮನೆ ಬಾಗಿಲಲ್ಲಿ ನಿಂತು ಹಣದ ಮಾತಾಡುವ ಸಂದರ್ಭ ನಿಮಗೂ ಬೇಡ, ನನಗೂ ಬೇಡ.

ಊಟ-ತಿಂಡಿ ಮತ್ತು ದರ (ಎಲ್ಲವೂ ಶುದ್ಧ ಸಸ್ಯಾಹಾರ)

ಶನಿವಾರ 28ರ ರಾತ್ರಿ, ಆರತಕ್ಷತೆ ಊಟ, ಬಫೆ: 700 ತಟ್ಟೆ × ₹360 = ₹2,52,000
ಭಾನುವಾರ 29ರ ಬೆಳಗಿನ ತಿಂಡಿ: 400 ತಟ್ಟೆ × ₹140 = ₹56,000
ಭಾನುವಾರ ಮುಹೂರ್ತದ ಊಟ, ಬಾಳೆಎಲೆ, ಪಂಕ್ತಿ: 1,200 ಎಲೆ × ₹420 = ₹5,04,000
ಮನೆಯವರಿಗೂ ಬೀಗರಿಗೂ ಶನಿವಾರ ಮಧ್ಯಾಹ್ನದಿಂದ ಭಾನುವಾರ ಸಂಜೆವರೆಗೆ ಕಾಫಿ, ಟೀ, ಮಕ್ಕಳಿಗೆ ಹಾಲು: ಒಟ್ಟಾರೆ ₹12,000
ಕೂಡಿದರೆ: ₹8,24,000
ಜಿಎಸ್‌ಟಿ ಶೇ. 5: ₹41,200
ಒಟ್ಟು: ₹8,65,200

ರಾತ್ರಿಯ ಬಫೆಗೆ ಟೊಮೇಟೊ ಸೂಪ್, ಗೋಬಿ ಮಂಚೂರಿ, ರುಮಾಲಿ ರೊಟ್ಟಿ, ಪನೀರ್ ಗ್ರೇವಿ, ವೆಜ್ ಪಲಾವ್, ರಾಯತ, ಅನ್ನ, ಸಾರು, ಮೊಸರನ್ನ, ಜಾಮೂನು, ಐಸ್‌ಕ್ರೀಂ, ಬೀಡಾ. ಬೆಳಗಿನ ತಿಂಡಿಗೆ ಇಡ್ಲಿ, ವಡೆ, ಖಾರಾಭಾತ್, ಕೇಸರಿಭಾತ್, ಚಟ್ನಿ, ಸಾಂಬಾರ್, ಕಾಫಿ.

ಮುಹೂರ್ತದ ಎಲೆಗೆ ಉಪ್ಪು, ಉಪ್ಪಿನಕಾಯಿ, ಎರಡು ಕೋಸಂಬರಿ, ಹುರುಳಿಕಾಯಿ ಪಲ್ಯ, ಆಲೂಗಡ್ಡೆ ಪಲ್ಯ, ಹಾಗಲಕಾಯಿ ಗೊಜ್ಜು, ಪುಳಿಯೋಗರೆ, ಬೋಂಡ, ಹಪ್ಪಳ, ತೊವ್ವೆ, ಅನ್ನ, ಹುಳಿ, ತಿಳಿಸಾರು, ಮಜ್ಜಿಗೆಹುಳಿ, ಶಾವಿಗೆ ಪಾಯಸ, ಬೇಳೆ ಹೋಳಿಗೆ, ತುಪ್ಪ, ಮೊಸರು, ಬಾಳೆಹಣ್ಣು.

₹420 ಹೇಗೆ ಬಂತು

ಅಮ್ಮನವರು ಕೇಳಿದ್ದು ಇದನ್ನೇ, ಅದಕ್ಕೇ ಬಿಡಿಸಿ ಬರೆಯುತ್ತೇನೆ. ಒಂದು ಎಲೆಗೆ:

ಅಕ್ಕಿ, ಬೇಳೆ, ಎಣ್ಣೆ, ತುಪ್ಪ, ಮಸಾಲೆ: ₹132
ತರಕಾರಿ, ತೆಂಗಿನಕಾಯಿ, ಹಾಲು, ಮೊಸರು, ಹಣ್ಣು, ಬಾಳೆಎಲೆ: ₹76
ಹೋಳಿಗೆ ಮತ್ತು ಪಾಯಸ: ₹54
ಅಡುಗೆಯವರು, ಬಡಿಸುವವರು, ಪಾತ್ರೆ ತೊಳೆಯುವವರ ಕೂಲಿ: ₹78
ಗ್ಯಾಸ್, ಪಾತ್ರೆ ಬಾಡಿಗೆ, ಸಾಗಣೆ: ₹34
ಕುಡಿಯುವ ನೀರಿನ ಸಣ್ಣ ಬಾಟಲಿ: ₹8
ನಮ್ಮ ಉಸ್ತುವಾರಿ ಮತ್ತು ಲಾಭ: ₹38

ಹೋಳಿಗೆಯ ಬಗ್ಗೆ ಒಂದು ಮಾತು. ಹೊರಗಿನಿಂದ ಪ್ಯಾಕೆಟ್ ಹೋಳಿಗೆ ತರಿಸಿದರೆ ಎಲೆಗೆ ಹತ್ತು ಹನ್ನೆರಡು ರೂಪಾಯಿ ಉಳಿಯುತ್ತದೆ, ಆದರೆ ನಾನು ಅದನ್ನು ಸೂಚಿಸುವುದಿಲ್ಲ. ಮಂಟಪದಲ್ಲೇ ಹೂರಣ ರುಬ್ಬಿ, ನಾಲ್ಕು ಕಾವಲಿ ಹಚ್ಚಿ, ಬೆಳಗಿನ ಜಾವದಿಂದಲೇ ಬೇಯಿಸಿ ಬಟ್ಟೆ ಹೊದಿಸಿ ಇಡುತ್ತೇವೆ. ಕೆಲವರು ಒಂದು ತಿನ್ನುತ್ತಾರೆ, ಕೆಲವರು ಎರಡು ಕೇಳುತ್ತಾರೆ. ಸರಾಸರಿ ಎಲೆಗೆ ಒಂದೂವರೆ ಎಂದು 1,800 ಹೋಳಿಗೆಗೆ ಲೆಕ್ಕ ಹಿಡಿದಿದ್ದೇನೆ. ಬೀಗರ ಕಡೆಯವರು ಇನ್ನೊಂದು ಕೇಳಿದಾಗ ಬಡಿಸುವವನು ಒಳಗೆ ಹೋಗಿ ಬರಿಗೈಯಲ್ಲಿ ಬರಬಾರದು.

ಕೂಲಿಯಲ್ಲೂ ಕಡಿಮೆ ಮಾಡಿಲ್ಲ. ನಿಮ್ಮ ಮಂಟಪದ ಊಟದ ಹಾಲಿನಲ್ಲಿ ಒಂದು ಪಂಕ್ತಿಗೆ 300 ಜನ ಕೂರುತ್ತಾರೆ, ಅಂದರೆ ನಾಲ್ಕು ಪಂಕ್ತಿ. ಬಡಿಸಲು 36 ಜನ ಇರುತ್ತಾರೆ. ಇದಕ್ಕಿಂತ ಕಡಿಮೆ ಕೈಗಳಾದರೆ ಸಾರು ಬರುವಷ್ಟರಲ್ಲಿ ಅನ್ನ ಆರಿರುತ್ತದೆ.

ಎಲೆ ಎಣಿಸುವ ಕ್ರಮ

ಹಾಸಿದ ಎಲೆಯೇ ಲೆಕ್ಕ. ತಾಯಿಯ ಎಲೆಯಲ್ಲೇ ಉಣ್ಣುವ ಮಗುವಿಗೆ ಲೆಕ್ಕವಿಲ್ಲ, ಮಗುವಿಗೆ ಬೇರೆ ಎಲೆ ಹಾಕಿದರೆ ಲೆಕ್ಕವಿದೆ. ಪ್ರತಿ ಪಂಕ್ತಿ ಕೂತ ಮೇಲೆ, ಪಾಯಸ ಬಡಿಸುವ ಮೊದಲು, ನಿಮ್ಮ ಕಡೆಯ ಒಬ್ಬರು ಮತ್ತು ನಮ್ಮ ಮೇಸ್ತ್ರಿ ಒಟ್ಟಿಗೆ ಸಾಲು ಎಣಿಸಿ ಪುಸ್ತಕದಲ್ಲಿ ಇಬ್ಬರೂ ಸಹಿ ಹಾಕಬೇಕು. ಈ ಕೆಲಸಕ್ಕೆ ಓಡಾಟವಿಲ್ಲದ, ಸಮಾಧಾನದ ಒಬ್ಬರನ್ನು ಈಗಲೇ ಗೊತ್ತುಮಾಡಿ. ಮದುಮಗಳ ಅಣ್ಣನಿಗೆ ಒಪ್ಪಿಸಬೇಡಿ, ಅವರಿಗೆ ಅಂದು ಬಿಡುವಿರುವುದಿಲ್ಲ. ಹಿಂದೊಮ್ಮೆ ಒಂದು ಮದುವೆಯಲ್ಲಿ ಎಣಿಸುವವರು ಯಾರೂ ನಿಲ್ಲದೆ, ಸಂಜೆ ಎರಡೂ ಕಡೆ ಬೇರೆ ಬೇರೆ ಸಂಖ್ಯೆ ಹೇಳಿ ಮನಸ್ಸು ಕೆಟ್ಟಿತು. ಅಂದಿನಿಂದ ಸಹಿ ಪುಸ್ತಕವಿಲ್ಲದೆ ನಾನು ಪಂಕ್ತಿ ಬಡಿಸಿಲ್ಲ.

ಬಫೆ ಮತ್ತು ತಿಂಡಿಗೆ ಶುರುವಿನಲ್ಲಿ ಇಬ್ಬರ ಮುಂದೆ ತಟ್ಟೆ ಎಣಿಸಿ ಇಡುತ್ತೇವೆ, ಮುಗಿದ ಮೇಲೆ ಬಳಸದೆ ಉಳಿದದ್ದನ್ನು ಕಳೆಯುತ್ತೇವೆ.

ಕೊನೆಯ ಸಂಖ್ಯೆಯನ್ನು ನವೆಂಬರ್ 22ರ ಸಂಜೆ 6ರೊಳಗೆ ಬರಹದಲ್ಲಿ ತಿಳಿಸಬೇಕು, ವಾಟ್ಸಾಪ್ ಆದರೂ ಸರಿ. ಆ ಸಂಖ್ಯೆಗೆ ದಿನಸಿ ಇಳಿಯುತ್ತದೆ. ಅದಕ್ಕಿಂತ ಕಡಿಮೆ ಜನ ಬಂದರೂ ಆ ಸಂಖ್ಯೆಗೇ ಬಿಲ್ಲು. ಹೆಚ್ಚಾದರೆ ಶೇ. 5ರವರೆಗೆ, ಅಂದರೆ 1,200ಕ್ಕೆ 60 ಎಲೆವರೆಗೆ, ಇದೇ ದರದಲ್ಲಿ ಬಡಿಸಲು ಸಿದ್ಧವಿರುತ್ತೇವೆ. ಉದಾಹರಣೆಗೆ 1,240 ಎಲೆ ಬಿದ್ದರೆ ಹೆಚ್ಚಿನ 40ಕ್ಕೆ ₹16,800, ಜಿಎಸ್‌ಟಿ ₹840, ಸೇರಿ ₹17,640. ಅದನ್ನೂ ಮೀರಿದರೆ ಅನ್ನ, ಹುಳಿ, ಸಾರು ಮಾಡಿ ಬಡಿಸುತ್ತೇವೆ, ಹೋಳಿಗೆ ಸಿಗುತ್ತದೆಂಬ ಮಾತು ಕೊಡಲಾರೆ.

ಪುರೋಹಿತರು, ಓಲಗದವರು, ಫೋಟೋದವರು, ಡ್ರೈವರ್‌ಗಳು ಸೇರಿ ಹೊತ್ತಿಗೆ 25 ಜನರಿಗೆ ನಮ್ಮ ಕಡೆಯಿಂದ ಊಟ.

ಮುಂಗಡ ಮತ್ತು ಪಾವತಿ

ಒಪ್ಪಿಗೆಯ ದಿನ: ₹90,000
ನವೆಂಬರ್ 13ರೊಳಗೆ: ₹4,25,000
ನವೆಂಬರ್ 27ರೊಳಗೆ: ₹2,00,000
29ರ ಸಂಜೆ, ಎಲೆ ಲೆಕ್ಕ ಮುಗಿದ ಮೇಲೆ: ₹1,50,200, ಹೆಚ್ಚಿನ ಎಲೆ ಇದ್ದರೆ ಅದೂ ಸೇರಿ

ಎರಡನೆಯ ಕಂತು ದೊಡ್ಡದಾಗಿ ಕಾಣುತ್ತದೆ. ಅಕ್ಕಿ, ಎಣ್ಣೆ, ತುಪ್ಪವನ್ನು ಅಂಗಡಿಯವರಿಗೆ ಹಣ ಕೊಟ್ಟು ಎತ್ತುವುದು, ಕೆಲಸದವರಿಗೆ ಮುಂಗಡ ಕೊಟ್ಟು ಹಿಡಿದಿಡುವುದು ಆ ವಾರದಲ್ಲೇ. ಅದು ತಡವಾದರೆ ಒಳ್ಳೆಯ ಬಾಣಸಿಗರು ಬೇರೆ ಮದುವೆಗೆ ಹೋಗಿಬಿಡುತ್ತಾರೆ.

ಹಣ ಬ್ಯಾಂಕ್ ವರ್ಗಾವಣೆ, ಚೆಕ್ ಅಥವಾ ಯುಪಿಐ ಮೂಲಕ ಇರಲಿ. ಒಂದೇ ಸಮಾರಂಭಕ್ಕೆ ಒಬ್ಬರಿಂದ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯಲು ಆದಾಯ ತೆರಿಗೆ ಕಾನೂನಿನಲ್ಲಿ ಅವಕಾಶವಿಲ್ಲ, ಕಂತು ಮಾಡಿ ಕೊಟ್ಟರೂ ಅಷ್ಟೇ. ಪ್ರತಿ ಕಂತಿಗೂ ರಸೀದಿ, ಕೊನೆಯಲ್ಲಿ ಜಿಎಸ್‌ಟಿ ಬಿಲ್ಲು ಕೊಡುತ್ತೇನೆ.

ಮೊದಲ ಮುಂಗಡ ಬಂದ ಮೇಲೆ ಎಣ್ಣೆ, ಕೊಬ್ಬರಿ ಬೆಲೆ ಏರಿದರೂ ಎಲೆ ದರ ಏರುವುದಿಲ್ಲ. ಈ ದರ ಆಗಸ್ಟ್ 27ರವರೆಗೆ ಊರ್ಜಿತ, ಆ ದಿನದವರೆಗೆ ನಿಮ್ಮ ತಾರೀಖನ್ನು ಬೇರೆಯವರಿಗೆ ಕೊಡುವುದಿಲ್ಲ.

ಕಾರಣಾಂತರದಿಂದ ಮದುವೆ ಮುಂದಕ್ಕೆ ಹೋದರೆ, ಹೊಸ ದಿನ ನಮಗೆ ಬಿಡುವಿದ್ದಲ್ಲಿ ಮುಂಗಡ ಪೂರ್ತಿ ಅದಕ್ಕೇ ಸೇರುತ್ತದೆ. ಅಕ್ಟೋಬರ್ 31ರೊಳಗೆ ರದ್ದಾದರೆ ₹15,000 ಹಿಡಿದು ಉಳಿದದ್ದು ವಾಪಸ್. ಆಮೇಲೆ ರದ್ದಾದರೆ ಕೊಂಡ ಸಾಮಾನು, ಕೊಟ್ಟ ಕೂಲಿಯ ಚೀಟಿ ತೋರಿಸಿ ಅಷ್ಟನ್ನೇ ಕಳೆಯುತ್ತೇನೆ.

ಈ ದರದಲ್ಲಿ ಸೇರಿಲ್ಲದ್ದು

ಮಂಟಪದವರು ಕೇಳುವ ಸ್ವಚ್ಛತಾ ಶುಲ್ಕ, ಕರೆಂಟ್ ಬಿಲ್, ಬೋರ್ ನೀರು ಸಾಲದಿದ್ದರೆ ಟ್ಯಾಂಕರ್, ತಾಂಬೂಲದ ಚೀಲ ನಿಮ್ಮದು. ಅಡುಗೆಮನೆ ಕೀಲಿ ಶನಿವಾರ ಬೆಳಿಗ್ಗೆ 6ಕ್ಕೆ ನಮ್ಮ ಕೈಗೆ ಸಿಗಬೇಕು. ಮಿಕ್ಕ ಅಡುಗೆ ನಿಮ್ಮದು, ಡಬ್ಬಿ ಇಟ್ಟುಕೊಂಡಿರಿ, ತುಂಬಿ ಕೊಡುತ್ತೇವೆ. ಆದರೆ ಮೊಸರನ್ನ, ಪಾಯಸವನ್ನು ಸಂಜೆಯವರೆಗೆ ಇಡಬೇಡಿ.

ಇದರ ಜೊತೆ ನಮ್ಮ ಎಫ್‌ಎಸ್‌ಎಸ್‌ಎಐ ಪರವಾನಗಿಯ ಪ್ರತಿ ಇಟ್ಟಿದ್ದೇನೆ. ದರಪಟ್ಟಿಯ ಎರಡು ಪ್ರತಿಗಳಿವೆ. ಒಂದಕ್ಕೆ ಸಹಿ ಹಾಕಿ ಮೊದಲ ಮುಂಗಡದೊಂದಿಗೆ ಕಳಿಸಿಕೊಡಿ, ಇನ್ನೊಂದು ನಿಮ್ಮಲ್ಲಿರಲಿ. ಬರುವ ವಾರ ಒಂದು ದಿನ ಮನೆಯವರೆಲ್ಲ ಬನ್ನಿ. ಹುಳಿ, ಗೊಜ್ಜು, ಹೋಳಿಗೆ ಮಾಡಿಟ್ಟಿರುತ್ತೇನೆ, ಉಪ್ಪು-ಖಾರ ನೋಡಿ ಹೇಳಿ.

ಇತಿ ತಮ್ಮ ವಿಶ್ವಾಸಿ,
ಅಡುಗೆ ಕಂಟ್ರಾಕ್ಟರ್, ತುಮಕೂರು