ಎರಡು ಅಢಾವೆ ಪತ್ರಿಕೆಗಳಿಂದ ನಗದು ಹರಿವಿನ ತಃಖ್ತೆ: ಪರೋಕ್ಷ ವಿಧಾನದಲ್ಲಿ ಪೂರ್ತಿ ಬಿಡಿಸಿದ ಒಂದು ಲೆಕ್ಕ

ಗಂಗಾವತಿಯಲ್ಲಿ ಅಕ್ಕಿ ಗಿರಣಿ ನಡೆಸುವ ಒಂದು ಖಾಸಗಿ ಕಂಪನಿಯನ್ನು ತೆಗೆದುಕೊಳ್ಳೋಣ. ಅಂಕಿಗಳನ್ನು ಪಾಠಕ್ಕೆ ತಕ್ಕಂತೆ ಹೊಂದಿಸಿದ್ದೇನೆ. 2024-25ರಲ್ಲಿ ಗಿರಣಿ ಲಾಭ ಮಾಡಿದೆ, ಹೊಸ ಷೇರುಗಳನ್ನೂ ನೀಡಿದೆ. ಆದರೆ ವರ್ಷದ ಕೊನೆಗೆ ಕೈಯಲ್ಲಿ ಮತ್ತು ಬ್ಯಾಂಕಿನಲ್ಲಿ ಹೆಚ್ಚಿದ ಹಣ 70,000 ರೂಪಾಯಿ ಮಾತ್ರ. ಉಳಿದದ್ದು ಎಲ್ಲಿ ಹೋಯಿತು ಎಂಬುದಕ್ಕೆ ಲಾಭ-ನಷ್ಟ ಖಾತೆ ಉತ್ತರ ಕೊಡುವುದಿಲ್ಲ. ಉತ್ತರ ಕೊಡಬೇಕಾದದ್ದು ನಗದು ಹರಿವಿನ ತಃಖ್ತೆ.

2013ರ ಕಂಪನಿ ಕಾಯ್ದೆಯ ಪ್ರಕಾರ ಸಣ್ಣ ಕಂಪನಿ ತನ್ನ ಹಣಕಾಸು ತಃಖ್ತೆಗಳಲ್ಲಿ ಇದನ್ನು ಸೇರಿಸಲೇಬೇಕೆಂದಿಲ್ಲ. ಆದರೆ ಸಾಲ ಕೊಟ್ಟ ಬ್ಯಾಂಕು ಕೇಳಿದರೆ ಕೊಡದೆ ಇರಲಾಗದು. ಇಲ್ಲಿಯೂ ಬ್ಯಾಂಕಿಗಾಗಿಯೇ ಲೆಕ್ಕಪತ್ರ ಮಾನಕ 3ರಂತೆ ತಯಾರಿಸುತ್ತಿದ್ದೇವೆ.

ಮಾರ್ಚ್ 31ಕ್ಕೆ ಇದ್ದಂತೆ ಅಢಾವೆ ಪತ್ರಿಕೆಗಳು (ಸಾವಿರ ರೂಪಾಯಿಗಳಲ್ಲಿ)

| ವಿವರ | 2024 | 2025 |
|---|---:|---:|
| ಬಂಡವಾಳ ಮತ್ತು ಹೊಣೆಗಳು | | |
| ಷೇರು ಬಂಡವಾಳ | 4,000 | 5,000 |
| ಸಾಮಾನ್ಯ ಮೀಸಲು ನಿಧಿ | 600 | 800 |
| ಲಾಭ-ನಷ್ಟ ಖಾತೆಯ ಶಿಲ್ಕು | 500 | 740 |
| ಬ್ಯಾಂಕಿನ ದೀರ್ಘಾವಧಿ ಸಾಲ | 1,500 | 1,200 |
| ಪೂರೈಕೆದಾರರಿಗೆ ಕೊಡಬೇಕಾದ ಬಾಕಿ | 900 | 760 |
| ಕೊಡಬೇಕಾದ ವೆಚ್ಚಗಳು | 80 | 110 |
| ಆದಾಯ ತೆರಿಗೆಗೆ ಏರ್ಪಾಡು | 250 | 320 |
| ಒಟ್ಟು | 7,830 | 8,930 |
| ಆಸ್ತಿಗಳು | | |
| ಕೀರ್ತಿಮೌಲ್ಯ | 300 | 240 |
| ಯಂತ್ರೋಪಕರಣ (ಸವಕಳಿ ಕಳೆದು) | 3,900 | 4,630 |
| ದೀರ್ಘಾವಧಿ ಹೂಡಿಕೆಗಳು | 400 | 250 |
| ಭತ್ತ, ಅಕ್ಕಿಯ ದಾಸ್ತಾನು | 1,650 | 2,010 |
| ಗಿರಾಕಿಗಳಿಂದ ಬರಬೇಕಾದ ಬಾಕಿ | 1,120 | 1,280 |
| ಮುಂಗಡ ಪಾವತಿಸಿದ ವೆಚ್ಚಗಳು | 40 | 30 |
| ನಗದು ಮತ್ತು ಬ್ಯಾಂಕ್ ಶಿಲ್ಕು | 420 | 490 |
| ಒಟ್ಟು | 7,830 | 8,930 |

ಹೆಚ್ಚಿನ ಮಾಹಿತಿ (ಸಾವಿರ ರೂಪಾಯಿಗಳಲ್ಲಿ)

1. ಯಂತ್ರೋಪಕರಣದ ಮೇಲೆ ವರ್ಷದ ಸವಕಳಿ 520.
2. ಪುಸ್ತಕ ಮೌಲ್ಯ 180 ಇದ್ದ ಹಳೆಯ ಪಾಲಿಶ್ ಯಂತ್ರವನ್ನು 130ಕ್ಕೆ ಮಾರಲಾಗಿದೆ.
3. ಹೊಸ ಯಂತ್ರಗಳ ಬೆಲೆಯಲ್ಲಿ 400ಕ್ಕೆ ಮಾರಾಟಗಾರನಿಗೆ ಷೇರುಗಳನ್ನೇ ಕೊಡಲಾಗಿದೆ, ಉಳಿದದ್ದನ್ನು ನಗದಾಗಿ ಪಾವತಿಸಲಾಗಿದೆ.
4. 150ಕ್ಕೆ ಕೊಂಡಿದ್ದ ಹೂಡಿಕೆಗಳನ್ನು 190ಕ್ಕೆ ಮಾರಲಾಗಿದೆ. ಹೂಡಿಕೆಗಳ ಮೇಲೆ ಬಂದ ಬಡ್ಡಿ 30.
5. ವರ್ಷದಲ್ಲಿ ಕಟ್ಟಿದ ಆದಾಯ ತೆರಿಗೆ 230.
6. ಬ್ಯಾಂಕ್ ಸಾಲದ ಬಡ್ಡಿ 160, ಪೂರ್ತಿ ಪಾವತಿಯಾಗಿದೆ.
7. 2023-24ರ ಲಾಭಾಂಶ 240 ವಾರ್ಷಿಕ ಸಭೆಯ ಒಪ್ಪಿಗೆಯ ನಂತರ ಈ ವರ್ಷ ಪಾವತಿಯಾಗಿದೆ. 2024-25ಕ್ಕೆ ನಿರ್ದೇಶಕರು ಸೂಚಿಸಿರುವ ಲಾಭಾಂಶ 300.

ಹೆಚ್ಚಿನ ಮಾಹಿತಿಯನ್ನು ವಿದ್ಯಾರ್ಥಿಗಳು ಲೆಕ್ಕದ ಬಾಲಂಗೋಚಿ ಎಂದು ನೋಡುವುದುಂಟು. ನನ್ನ ಪ್ರಕಾರ ಲೆಕ್ಕ ಇರುವುದೇ ಅದರಲ್ಲಿ. ಎರಡು ಅಢಾವೆ ಪತ್ರಿಕೆಗಳ ನಡುವಿನ ವ್ಯತ್ಯಾಸ ಎಂದರೆ ವರ್ಷವಿಡೀ ಒಂದು ಖಾತೆಗೆ ಬಂದದ್ದು ಮತ್ತು ಹೋದದ್ದು ಒಂದನ್ನೊಂದು ನುಂಗಿದ ಮೇಲೆ ಉಳಿದ ಶೇಷ. ನಮಗೆ ಬೇಕಾದದ್ದು ಆ ಶೇಷವಲ್ಲ, ನುಂಗಿಹೋದ ಮೊತ್ತಗಳು. ಹಾಗಾಗಿ ಖಾತೆ ತೆರೆಯಲೇಬೇಕು.

ಯಂತ್ರೋಪಕರಣ ಖಾತೆ

| ಖರ್ಚು | ಮೊತ್ತ | ಜಮಾ | ಮೊತ್ತ |
|---|---:|---|---:|
| ಆರಂಭಿಕ ಶಿಲ್ಕು | 3,900 | ಬ್ಯಾಂಕ್ (ಮಾರಾಟ) | 130 |
| ಷೇರು ಬಂಡವಾಳ | 400 | ಲಾಭ-ನಷ್ಟ (ಮಾರಾಟದ ನಷ್ಟ) | 50 |
| ಬ್ಯಾಂಕ್ (ಖರೀದಿ, ಶೇಷ ಮೊತ್ತ) | 1,030 | ಸವಕಳಿ | 520 |
| | | ಅಂತಿಮ ಶಿಲ್ಕು | 4,630 |
| ಒಟ್ಟು | 5,330 | ಒಟ್ಟು | 5,330 |

ಯಂತ್ರೋಪಕರಣ 3,900ರಿಂದ 4,630ಕ್ಕೆ ಏರಿದೆ, ಆದ್ದರಿಂದ 730ರ ಖರೀದಿ ಎಂದು ಬರೆದುಬಿಡುವುದು ಸುಲಭ. ಆದರೆ ಖಾತೆಯ ಪ್ರಕಾರ ಒಟ್ಟು ಖರೀದಿ 1,430. ಅದರಲ್ಲಿ 400ಕ್ಕೆ ಷೇರು ಕೊಟ್ಟಾಗಿದೆ, ಒಂದು ರೂಪಾಯಿಯೂ ಕೈ ಬದಲಾಗಿಲ್ಲ. ನಗದಾಗಿ ಹೊರಹೋದದ್ದು 1,030. ಅದೇ ಕಾರಣಕ್ಕೆ ಷೇರು ಬಂಡವಾಳ 1,000 ಹೆಚ್ಚಿದ್ದರೂ ಅದರಿಂದ ಬಂದ ನಗದು 600 ಮಾತ್ರ. ನಗದಿಲ್ಲದ ಇಂಥ ವ್ಯವಹಾರ ತಃಖ್ತೆಯ ಒಳಗೆ ಬರುವುದಿಲ್ಲ, ಕೆಳಗಿನ ಟಿಪ್ಪಣಿಯಲ್ಲಿ ಬರುತ್ತದೆ.

ಆದಾಯ ತೆರಿಗೆ ಏರ್ಪಾಡು ಖಾತೆ

| ಖರ್ಚು | ಮೊತ್ತ | ಜಮಾ | ಮೊತ್ತ |
|---|---:|---|---:|
| ಬ್ಯಾಂಕ್ (ಕಟ್ಟಿದ ತೆರಿಗೆ) | 230 | ಆರಂಭಿಕ ಶಿಲ್ಕು | 250 |
| ಅಂತಿಮ ಶಿಲ್ಕು | 320 | ಲಾಭ-ನಷ್ಟ (ಈ ವರ್ಷದ ಏರ್ಪಾಡು, ಶೇಷ ಮೊತ್ತ) | 300 |
| ಒಟ್ಟು | 550 | ಒಟ್ಟು | 550 |

ಇಲ್ಲಿ ಎರಡು ಅಂಕಿಗಳಿಗೆ ಎರಡು ಕೆಲಸಗಳಿವೆ. 300 ಅನ್ನು ಲಾಭಕ್ಕೆ ಮರಳಿ ಕೂಡಿಸುತ್ತೇವೆ, 230 ಅನ್ನು ಕಾರ್ಯಾಚರಣೆಯ ಕೊನೆಯಲ್ಲಿ ಕಳೆಯುತ್ತೇವೆ.

ಹೂಡಿಕೆಗಳಿಗೆ ಖಾತೆ ಬೇಕಾಗಿಲ್ಲ. 400ರಲ್ಲಿ 150 ಹೋಗಿ 250 ಉಳಿದಿದೆ, ಹೊಸ ಖರೀದಿ ಇಲ್ಲ, ಮಾರಾಟದ ಲಾಭ 40. ಸಾಲದಲ್ಲಿ 300 ತೀರಿಸಲಾಗಿದೆ. ಕೀರ್ತಿಮೌಲ್ಯ 60ರಷ್ಟು ಇಳಿದಿರುವುದು ವಜಾ ಮಾಡಿದ್ದರಿಂದ.

ತೆರಿಗೆಗೆ ಮುಂಚಿನ ನಿವ್ವಳ ಲಾಭ

| ವಿವರ | ಮೊತ್ತ |
|---|---:|
| ಲಾಭ-ನಷ್ಟ ಖಾತೆಯ ಶಿಲ್ಕಿನ ಹೆಚ್ಚಳ (740 − 500) | 240 |
| ಸಾಮಾನ್ಯ ಮೀಸಲು ನಿಧಿಗೆ ವರ್ಗಾವಣೆ | 200 |
| ವರ್ಷದಲ್ಲಿ ಪಾವತಿಸಿದ ಲಾಭಾಂಶ | 240 |
| ಆದಾಯ ತೆರಿಗೆಗೆ ಈ ವರ್ಷದ ಏರ್ಪಾಡು | 300 |
| ತೆರಿಗೆಗೆ ಮುಂಚಿನ ನಿವ್ವಳ ಲಾಭ | 980 |

ಲಾಭಾಂಶದ ಬಗ್ಗೆ ಒಂದು ಮಾತು. ಹಳೆಯ ಲೆಕ್ಕಗಳಲ್ಲಿ ಸೂಚಿತ ಲಾಭಾಂಶವನ್ನು ಅಢಾವೆ ಪತ್ರಿಕೆಯಲ್ಲೇ ಹೊಣೆಯಾಗಿ ತೋರಿಸುತ್ತಿದ್ದರು. 2016ರಲ್ಲಿ ಲೆಕ್ಕಪತ್ರ ಮಾನಕ 4 ತಿದ್ದುಪಡಿಯಾದ ಮೇಲೆ, ಅಢಾವೆ ಪತ್ರಿಕೆಯ ದಿನಾಂಕದ ನಂತರ ಸೂಚಿಸಿದ ಲಾಭಾಂಶ ಆ ವರ್ಷದ ಹೊಣೆಯಲ್ಲ, ಟಿಪ್ಪಣಿ ಮಾತ್ರ. ಆದ್ದರಿಂದ 2024-25ರ 300 ಅನ್ನು ಇಲ್ಲಿ ಮುಟ್ಟುವುದಿಲ್ಲ. ಹಿಂದಿನ ವರ್ಷದ 240 ಈ ವರ್ಷ ಪಾವತಿಯಾಗಿ ಶಿಲ್ಕನ್ನು ತಗ್ಗಿಸಿದೆ, ಅದನ್ನೇ ಕೂಡಿಸಿ, ಅದನ್ನೇ ಹಣಕಾಸು ಚಟುವಟಿಕೆಯಲ್ಲಿ ಕಳೆಯುತ್ತೇವೆ.

2025ರ ಮಾರ್ಚ್ 31ಕ್ಕೆ ಕೊನೆಗೊಂಡ ವರ್ಷದ ನಗದು ಹರಿವಿನ ತಃಖ್ತೆ (ಸಾವಿರ ರೂಪಾಯಿಗಳಲ್ಲಿ)

| ವಿವರ | ಮೊತ್ತ | ಒಟ್ಟು |
|---|---:|---:|
| ಅ. ಕಾರ್ಯಾಚರಣೆ ಚಟುವಟಿಕೆಗಳಿಂದ | | |
| ತೆರಿಗೆಗೆ ಮುಂಚಿನ ನಿವ್ವಳ ಲಾಭ | 980 | |
| ಕೂಡಿಸಿ: ಸವಕಳಿ | 520 | |
| ಕೂಡಿಸಿ: ವಜಾ ಮಾಡಿದ ಕೀರ್ತಿಮೌಲ್ಯ | 60 | |
| ಕೂಡಿಸಿ: ಯಂತ್ರ ಮಾರಾಟದ ನಷ್ಟ | 50 | |
| ಕೂಡಿಸಿ: ಸಾಲದ ಬಡ್ಡಿ | 160 | |
| ಕಳೆಯಿರಿ: ಹೂಡಿಕೆ ಮಾರಾಟದ ಲಾಭ | (40) | |
| ಕಳೆಯಿರಿ: ಬಂದ ಬಡ್ಡಿ | (30) | |
| ದುಡಿಯುವ ಬಂಡವಾಳದ ಬದಲಾವಣೆಗೆ ಮುಂಚಿನ ಕಾರ್ಯಾಚರಣೆ ಲಾಭ | 1,700 | |
| ದಾಸ್ತಾನಿನ ಹೆಚ್ಚಳ | (360) | |
| ಬರಬೇಕಾದ ಬಾಕಿಯ ಹೆಚ್ಚಳ | (160) | |
| ಮುಂಗಡ ವೆಚ್ಚಗಳ ಇಳಿಕೆ | 10 | |
| ಪೂರೈಕೆದಾರರ ಬಾಕಿಯ ಇಳಿಕೆ | (140) | |
| ಕೊಡಬೇಕಾದ ವೆಚ್ಚಗಳ ಹೆಚ್ಚಳ | 30 | |
| ಕಾರ್ಯಾಚರಣೆಯಿಂದ ಉಂಟಾದ ನಗದು | 1,080 | |
| ಕಟ್ಟಿದ ಆದಾಯ ತೆರಿಗೆ | (230) | |
| ಕಾರ್ಯಾಚರಣೆಯಿಂದ ನಿವ್ವಳ ನಗದು | | 850 |
| ಆ. ಹೂಡಿಕೆ ಚಟುವಟಿಕೆಗಳಿಂದ | | |
| ಯಂತ್ರೋಪಕರಣ ಖರೀದಿ | (1,030) | |
| ಯಂತ್ರ ಮಾರಾಟ | 130 | |
| ಹೂಡಿಕೆಗಳ ಮಾರಾಟ | 190 | |
| ಬಂದ ಬಡ್ಡಿ | 30 | |
| ಹೂಡಿಕೆಗೆ ಬಳಸಿದ ನಿವ್ವಳ ನಗದು | | (680) |
| ಇ. ಹಣಕಾಸು ಚಟುವಟಿಕೆಗಳಿಂದ | | |
| ನಗದಿಗೆ ನೀಡಿದ ಷೇರುಗಳು | 600 | |
| ದೀರ್ಘಾವಧಿ ಸಾಲ ಮರುಪಾವತಿ | (300) | |
| ಪಾವತಿಸಿದ ಬಡ್ಡಿ | (160) | |
| ಪಾವತಿಸಿದ ಲಾಭಾಂಶ | (240) | |
| ಹಣಕಾಸು ಚಟುವಟಿಕೆಗಳಿಗೆ ಬಳಸಿದ ನಿವ್ವಳ ನಗದು | | (100) |
| ನಗದಿನ ನಿವ್ವಳ ಹೆಚ್ಚಳ (ಅ + ಆ + ಇ) | | 70 |
| ಆರಂಭಿಕ ನಗದು ಮತ್ತು ಬ್ಯಾಂಕ್ ಶಿಲ್ಕು | | 420 |
| ಅಂತಿಮ ನಗದು ಮತ್ತು ಬ್ಯಾಂಕ್ ಶಿಲ್ಕು | | 490 |

ಟಿಪ್ಪಣಿ: ವರ್ಷದಲ್ಲಿ 4,00,000 ರೂಪಾಯಿ ಬೆಲೆಯ ಯಂತ್ರವನ್ನು ಷೇರುಗಳನ್ನು ನೀಡಿ ಪಡೆಯಲಾಗಿದೆ. ಇದರಲ್ಲಿ ನಗದು ಇಲ್ಲದ ಕಾರಣ ತಃಖ್ತೆಯಲ್ಲಿ ಸೇರಿಸಿಲ್ಲ.

490 ತಾಳೆಯಾಯಿತೆಂದು ಪೆನ್ನು ಕೆಳಗಿಡಬೇಡಿ. ಸವಕಳಿ, ಮಾರಾಟದ ನಷ್ಟ, ಮಾರಾಟದ ಹಣ ಎಲ್ಲವನ್ನೂ ಬಿಟ್ಟು, ಯಂತ್ರಕ್ಕೆ 730 ಕಳೆದು ಷೇರಿಗೆ 1,000 ಕೂಡಿಸಿ ನೋಡಿ. ಆಗಲೂ 70 ಬರುತ್ತದೆ! ಎರಡೂ ವರ್ಷಗಳ ಅಢಾವೆ ಪತ್ರಿಕೆಗಳು ಸರಿತೂಗುವುದರಿಂದ ಉಳಿದ ಎಲ್ಲ ವ್ಯತ್ಯಾಸಗಳ ಮೊತ್ತ ನಗದಿನ ವ್ಯತ್ಯಾಸಕ್ಕೆ ಸಮವಾಗಲೇಬೇಕು. ಆದರೆ ಹಾಗೆ ಬರೆದರೆ ಕಾರ್ಯಾಚರಣೆಯ ನಗದು 850ರ ಬದಲು 280 ಆಗುತ್ತದೆ, ಮತ್ತು ಬ್ಯಾಂಕಿನವರು ಸಾಲ ತೀರಿಸುವ ಶಕ್ತಿಯನ್ನು ಅಳೆಯುವುದು ಆ ಸಾಲಿನಿಂದಲೇ. ಆದ್ದರಿಂದ ತಾಳೆ ನೋಡಬೇಕಾದದ್ದು ಹೆಚ್ಚಿನ ಮಾಹಿತಿಯ ಜೊತೆ. ಅಲ್ಲಿನ ಒಂದೊಂದು ಅಂಕಿಯೂ ಯಾವ ಸಾಲಿಗೆ ಸೇರಿತು, ಎರಡು ಕಡೆ ಸೇರಬೇಕಾದದ್ದು ಎರಡೂ ಕಡೆ ಸೇರಿತೇ ಎಂದು ಗುರುತು ಹಾಕುತ್ತ ಬನ್ನಿ. ಸಾಲದ ಬಡ್ಡಿಯನ್ನು ಮೇಲೆ ಕೂಡಿಸಿ ಕೆಳಗೆ ಕಳೆಯಲು ಮರೆತರೆ ಮೊತ್ತವೇ ತಪ್ಪುತ್ತದೆ, ಸಿಕ್ಕಿಬೀಳುತ್ತದೆ. ಎರಡೂ ಕಡೆ ಬಿಟ್ಟರೆ ಯಾರ ಕಣ್ಣಿಗೂ ಬೀಳದು.

ಈಗ ತಃಖ್ತೆಯನ್ನು ಓದಿ. ದುಡಿಯುವ ಬಂಡವಾಳಕ್ಕೆ ಮುಂಚೆ 17,00,000 ರೂಪಾಯಿ ಇದ್ದದ್ದರಲ್ಲಿ 6,20,000 ಅಲ್ಲೇ ಸಿಕ್ಕಿಕೊಂಡಿದೆ. ಗೋದಾಮಿನಲ್ಲಿ ಭತ್ತ, ಅಕ್ಕಿ ಹೆಚ್ಚಿದೆ, ಗಿರಾಕಿಗಳ ಬಾಕಿಯೂ ಹೆಚ್ಚಿದೆ, ಅದೇ ಹೊತ್ತಿಗೆ ಪೂರೈಕೆದಾರರಿಗೆ ಹಣ ಬೇಗ ಸಂದಿದೆ. ಭತ್ತ ಮಾರಿದ ರೈತನಿಗೆ ಬೇಗ ಹಣ ಕೊಡುವುದು ಒಳ್ಳೆಯದೇ, ಆದರೆ ಆ ಹೊರೆಯನ್ನು ಗಿರಾಕಿಗಳ ಬಾಕಿ ವಸೂಲಿಯಿಂದ ಹೊರಬೇಕಿತ್ತು. ಯಂತ್ರಗಳಿಗೆ ಕೊಟ್ಟ 10,30,000 ರೂಪಾಯಿಗೆ ಕಾರ್ಯಾಚರಣೆಯ 8,50,000 ಸಾಲದೆ, ಹೂಡಿಕೆ ಮತ್ತು ಹಳೆಯ ಯಂತ್ರ ಮಾರಿದ ಹಣವೂ ಸೇರಿದೆ. ಷೇರುಗಳಿಂದ ಬಂದ 6,00,000 ಸಾಲದ ಕಂತು, ಬಡ್ಡಿ, ಲಾಭಾಂಶಕ್ಕೇ ಸಾಲದಾಗಿದೆ, ಇವು ಮೂರೂ ಸೇರಿ 7,00,000.

ನಿರ್ದೇಶಕರು ಇದನ್ನು ಸಭೆಗೆ ಮುಂಚೆ ನೋಡಬೇಕು. ವರ್ಷದ ಕೊನೆಗೆ ಉಳಿದಿರುವ ತೆರಿಗೆ ಬಾಕಿ 3,20,000, ಅವರು ಸೂಚಿಸಿರುವ ಲಾಭಾಂಶ 3,00,000. ಎರಡೂ ಕೂಡಿದರೆ 6,20,000, ಶಿಲ್ಕಿನಲ್ಲಿರುವುದು 4,90,000.