ತೊಂಬತ್ತೆಂಟನೇ ತಿದ್ದುಪಡಿ

ಶಕ್ಕುನ ಮದುವೆಗೆ ಬರಲಾಗುವುದಿಲ್ಲ ಎಂದು ರೇಣುಕಾ ಫೋನು ಮಾಡಿ ಹೇಳಿದ್ದು ಸೋಮವಾರ. ಪರೀಕ್ಷೆ ಮುಂದೆ ಹೋಯಿತು ಎಂಬ ಸುದ್ದಿ ಬಂದದ್ದು ಗುರುವಾರ.

ಅಕ್ಕಿಕಾಳೂ ಕೆಎಎಸ್ ಪ್ರಿಲಿಮ್ಸೂ ಒಂದೇ ಭಾನುವಾರ ಬಿದ್ದಿದ್ದವು. ಬೆಳಿಗ್ಗೆ ಒಂದು ಪೇಪರು, ಮಧ್ಯಾಹ್ನ ಇನ್ನೊಂದು. ಹುಬ್ಬಳ್ಳಿಯಲ್ಲಿ ಅದನ್ನು ಮುಗಿಸಿ ಯಲಬುರ್ಗಾ ಮುಟ್ಟುವಷ್ಟರಲ್ಲಿ ಮದುವೆ ಮನೆಯಲ್ಲಿ ಶಾಮಿಯಾನ ಬಿಚ್ಚಿರುತ್ತಾರೆ. ಶಕ್ಕು ಜಗಳವಾಡಿದ್ದರೆ ಚೆನ್ನಾಗಿತ್ತು. "ಬರಿಯವ್ವಾ, ಬರಿ. ನಂದೇನು ಒಂದಿನದ ಮದುವಿ, ನಿಂದು ಮೂವತ್ತು ವರ್ಷದ ನೌಕರಿ" ಎಂದು ನಕ್ಕು ಫೋನಿಟ್ಟುಬಿಟ್ಟಿದ್ದಳು.

ಸುದ್ದಿ ಬಂದಾಗ ರೇಣುಕಾ ಸಪ್ತಾಪುರದ ರೀಡಿಂಗ್ ರೂಮಿನಲ್ಲಿದ್ದಳು. ಮೊದಲು ಮೂಲೆಯಲ್ಲೊಬ್ಬ ಮೊಬೈಲು ನೋಡಿ "ಹೋತಲೇ" ಎಂದ. ಆಮೇಲೆ ಕುರ್ಚಿ ಸರಿಸುವ ಸದ್ದು ಒಂದರ ಹಿಂದೊಂದು. ಐದು ನಿಮಿಷದಲ್ಲಿ ಅರ್ಧ ರೂಮು ಚಹಾದ ಅಂಗಡಿ ಮುಂದೆ ನಿಂತು ಬೈಯುತ್ತಿತ್ತು. ಅವಳಿಗೂ ಬೈಯಬೇಕಿತ್ತು. ಆದರೆ ಒಬ್ಬಳೇ ಹೋಗಿ ಯಾರ ಜೊತೆ ಬೈಯುವುದು? ಪುಟ ತಿರುವಿ ಕೂತಳು.

ಎರಡು ವರ್ಷದ ಹಿಂದೆ ಆ ಚಹಾದಂಗಡಿಯಲ್ಲಿ ಮೂವರ ಲೆಕ್ಕ ಒಂದೇ ಪುಸ್ತಕದಲ್ಲಿರುತ್ತಿತ್ತು. ರೂಮಿನಲ್ಲೂ ಹಾಗೇ, ಓದಿನಲ್ಲೂ ಹಾಗೇ. ಇತಿಹಾಸ ಶಕ್ಕುನದು, ಅರ್ಥಶಾಸ್ತ್ರ ದೀಪಾಳದು, ಸಂವಿಧಾನ ರೇಣುಕಾಳದು. ಒಬ್ಬೊಬ್ಬರು ನೋಟ್ಸ್ ಮಾಡಿ ಉಳಿದಿಬ್ಬರಿಗೆ ಝೆರಾಕ್ಸ್ ಕೊಡಬೇಕು. ರಾತ್ರಿ ಅನ್ನ ಕುದಿಯುವಾಗ ಪ್ರಶ್ನೆ ಶುರು. ನಾಲ್ಕು ತಪ್ಪಿಗೆ ಒಂದು ಸರಿ ಉತ್ತರದ ಅಂಕ ಕಳೆಯುವ ಪರೀಕ್ಷೆಯ ನೇಮ ಅಡುಗೆಗೂ ಬಂದಿತ್ತು: ನಾಲ್ಕು ತಪ್ಪು ಹೇಳಿದವಳು ಅವತ್ತಿನ ಭಾಂಡೆ ತಿಕ್ಕಬೇಕು. ಕಲ್ಯಾಣಕ್ಕೆ ರಾಜಧಾನಿ ಒಯ್ದದ್ದು ಯಾವ ಸೋಮೇಶ್ವರ ಎಂಬ ಒಂದು ಪ್ರಶ್ನೆಗೆ ದೀಪಾ ಎಷ್ಟು ಸಲ ಭಾಂಡೆ ತಿಕ್ಕಿದಳೋ! ಒಂದನೇ ಸೋಮೇಶ್ವರ ಎಂದು ಕೊನೆಗೆ ಬಚ್ಚಲ ಗೋಡೆಗೆ ಸೀಮೆಸುಣ್ಣದಲ್ಲಿ ಬರೆದಳು. ಅದು ಈಗಲೂ ಇದೆ.

ದೀಪಾ ಎಸ್‌ಡಿಎ ಬರೆದು ಪಾಸಾಗಿ ಗದಗಿನ ಸಹಕಾರ ಇಲಾಖೆಗೆ ಹೋದಳು. ಶಕ್ಕುನ ಮನೆಯಲ್ಲಿ "ಇನ್ನೊಂದು ವರ್ಷ" ಎನ್ನುವ ಮಾತು ಎರಡು ಸಲ ನಡೆದು ಮೂರನೆಯ ಸಲ ನಡೆಯಲಿಲ್ಲ. ಪ್ರಚಲಿತ ವಿದ್ಯಮಾನಕ್ಕೆಂದು ಮಾಡಿದ್ದ ವಾಟ್ಸ್ಆ್ಯಪ್ ಗುಂಪಿನಲ್ಲಿ ಈಗ ಸೀರೆಯ ಫೋಟೊ, ಪಗಾರದ ದಿನ ದೀಪಾ ತಿಂದ ಐಸ್‌ಕ್ರೀಮು. ರೇಣುಕಾ ಹೆಬ್ಬೆರಳು ಎತ್ತಿ ಸುಮ್ಮನಾಗುತ್ತಿದ್ದಳು.

ಮನೆಯೊಡತಿ ಕಾಕು ತಿಂಗಳಿಗೊಮ್ಮೆ ಬಾಗಿಲಲ್ಲಿ ನಿಂತು, "ಎರಡು ಕಾಟು ಖಾಲಿ ಅದಾವಲ್ಲವಾ, ಬಿಜಾಪುರದ ಹುಡುಗ್ಯಾರು ಕೇಳಾಕತ್ತಾರ" ಎನ್ನುತ್ತಿದ್ದರು. "ಪರೀಕ್ಷಾ ಒಂದು ಮುಗೀಲಿ ಕಾಕು" ಎಂದು ರೇಣುಕಾ ಹೆಚ್ಚಿನ ಬಾಡಿಗೆ ಎಣಿಸುತ್ತಿದ್ದಳು. ನವಲಗುಂದದ ಕಡೆಯ ಹೊಲದಲ್ಲಿ ಅಪ್ಪ ಹೆಸರು ಬೆಳೆದು ಮಾರಿದ ದುಡ್ಡು ಅದು. ಹೊಸಬರು ಬಂದರೆ ಹೊಸದಾಗಿ ಹೊಂದಿಕೊಳ್ಳಬೇಕು, ಅವರೂ ಒಂದಿನ ಹೋಗುತ್ತಾರೆ. ಅದಕ್ಕಿಂತ ಗೋಡೆಯೇ ವಾಸಿ ಅನಿಸಿತ್ತು. ರಾತ್ರಿ ಅನ್ನಕ್ಕಿಟ್ಟು ತಾನೇ ಪ್ರಶ್ನೆ ಕೇಳಿ ತಾನೇ ಉತ್ತರ ಹೇಳುತ್ತಿದ್ದಳು. ಎಲ್ಲ ಸರಿಯಾಗೇ ಇರುತ್ತಿತ್ತು.

ಪರೀಕ್ಷೆ ಇಲ್ಲದ ಮೇಲೆ ಮದುವೆಗೆ ಹೋಗದಿರಲು ನೆಪವಿರಲಿಲ್ಲ. ಭಾನುವಾರ ನಸುಕಿಗೇ ಆಧಾರ್ ತೋರಿಸಿ ಸೊನ್ನೆ ರೂಪಾಯಿಯ ಟಿಕೆಟು ತಗೊಂಡು ಕೂತಳು. ಗದಗಿನಲ್ಲಿ ದೀಪಾ ಕಾಯುತ್ತಿದ್ದಳು, ಮೈ ತುಂಬಿಕೊಂಡು, ಹೊಸ ವಾಚು ಕಟ್ಟಿಕೊಂಡು. ಯಲಬುರ್ಗಾದ ಬಸ್ಸು ಇನ್ನೂ ಬಂದಿರಲಿಲ್ಲ. ಗಿರ್ಮಿಟ್ ತಿಂದರು. ರೇಣುಕಾ ಪರ್ಸಿಗೆ ಕೈ ಹಾಕಿದಾಗ ದೀಪಾ, "ಇರಲಿ ಬಿಡ, ನಿನಗೆಲ್ಲಿಂದ..." ಎಂದವಳು ಅಲ್ಲೇ ತಡೆದು, "ಚಿಲ್ಲರ ನನ್ನ ಹತ್ರ ಐತಿ" ಎಂದಳು. ಬಸ್ಸಿನಲ್ಲಿ ತನ್ನ ಸೂಪರಿಂಟೆಂಡೆಂಟರ ಬಗ್ಗೆ ಬಹಳ ಹೊತ್ತು ಮಾತಾಡಿದಳು. ಆ ಮನುಷ್ಯನಿಗೆ ಕಡತ ಕಟ್ಟುವ ದಾರ ಕೆಂಪೇ ಇರಬೇಕಂತೆ.

ಮಂಟಪದಲ್ಲಿ ಬೀಗರ ಕಡೆಯ ಹೆಂಗಸೊಬ್ಬರು ದೀಪಾಳ ನೌಕರಿ, ಊರು, ಪಗಾರ ಕೇಳಿ ಮುಗಿಸಿ ಇವಳತ್ತ ತಿರುಗಿದರು.

"ನೀವೇನ್ ಮಾಡ್ತೀರವಾ?"

"ಓದಾಕತ್ತೀನ್ರಿ."

"ಇನ್ನಾ?" ಎಂದು ಅವರು ಮಾದಲಿಯ ಮೇಲೆ ಹಾಲು ಸುರಿದುಕೊಂಡರು.

ಉಡುಗೊರೆ ಕೊಡಲು ವೇದಿಕೆ ಹತ್ತಿದಾಗ ಶಕ್ಕು ಬೆವರಿಳಿಸಿಕೊಂಡು ನಿಂತಿದ್ದಳು. ಫೋಟೊದವನು "ಅಕ್ಕಾರ, ಸ್ವಲ್ಪ ನಗ್ರಿ" ಎಂದ. ಶಕ್ಕು ಹಲ್ಲು ಕಾಣುವಂತೆ ನಗುತ್ತಲೇ, ತುಟಿ ಅಲುಗಿಸದೆ ಕೇಳಿದಳು.

"ಒಂದು ಕೇಳ್ಲಿ?"

"ಇಲ್ಲೇನ?"

"371 ಜೆ. ಎಷ್ಟನೇ ತಿದ್ದುಪಡಿ?"

ಸಂವಿಧಾನ ಅವಳದೇ. ಯೋಚಿಸುವುದೇನು ಬಂತು. "97," ಎಂದಳು ರೇಣುಕಾ.

ಶಕ್ಕು ಕ್ಯಾಮೆರಾ ಬಿಟ್ಟು ಪೂರ್ತಿ ಇತ್ತ ತಿರುಗಿದಳು. ಬಾಸಿಂಗ ವಾಲಿತು. "98ಲೇ! ನಮ್ಮ ಕೊಪ್ಪಳ ಜಿಲ್ಲಾಕ್ಕ ಬಂದದ್ದನ್ನ ನನ್ನ ಮದುವ್ಯಾಗ ತಪ್ಪು ಹೇಳ್ತೀಯಲ್ಲ!"

"97 ನಮ್ಮ ಇಲಾಖೆದು," ಎಂದಳು ದೀಪಾ ಹಿಂದಿನಿಂದ. "ಸಹಕಾರ ಸಂಘದ್ದು. ಸಾಹೇಬ್ರು ಭಾಷಣದಾಗ ದಿನಾ ಹೇಳ್ತಾರ."

ಮದುಮಗ ಗಾಬರಿಯಾಗಿ ಏನಾಯಿತು ಎಂದ. "ಏನಿಲ್ರಿ, ಇನ್ನ ಮೂರು ತಪ್ಪಾದ್ರ ಈಕಿ ಭಾಂಡೆ ತಿಕ್ಕಬೇಕು" ಎಂದಳು ಶಕ್ಕು. ಫೋಟೊದವನು ಮತ್ತೆ ನಗಲು ಹೇಳಿದ. ಈ ಸಲ ಯಾರಿಗೂ ಹೇಳಿಸಿಕೊಳ್ಳಬೇಕಾಗಲಿಲ್ಲ.

ಕೆಳಗಿಳಿದ ಮೇಲೆ ಮಾತ್ರ ರೇಣುಕಾಳ ಹೊಟ್ಟೆಯಲ್ಲಿ ತಣ್ಣಗಾಯಿತು. ಯಾವುದೋ ರಾತ್ರಿ ನಿದ್ದೆಗಣ್ಣಲ್ಲಿ ಎರಡು ಸಾಲು ಅದಲುಬದಲಾಗಿ ಬರೆದಿರಬೇಕು. ಆಮೇಲೆ ಎಷ್ಟು ತಿಂಗಳಿಂದ ಅದನ್ನೇ ಗಟ್ಟಿಯಾಗಿ ಹೇಳಿ, ಸರಿ ಎಂದು ತಾನೇ ತಲೆಯಾಡಿಸಿದ್ದಳು! ಪರೀಕ್ಷೆ ಮುಂದೆ ಹೋಗದಿದ್ದರೆ ಇಷ್ಟೊತ್ತಿಗೆ ಆ ಸೊನ್ನೆಯನ್ನು ಕಪ್ಪು ಪೆನ್ನಿನಿಂದ ಧೈರ್ಯವಾಗಿ ತುಂಬಿ ಬಂದಿರುತ್ತಿದ್ದಳು.

ವಾಪಸು ಬಸ್ಸಿನಲ್ಲಿ ಚೀಲದಿಂದ ನೋಟ್‌ಬುಕ್ ತೆಗೆದು ದೀಪಾಳ ಕೈಗಿಟ್ಟಳು. "ಕೇಳು."

"ಈಗೇನ? ಊಟ ಹೆಚ್ಚಾಗೇತಿ, ಕಣ್ಣು ಎಳೀತಾವ."

"ಕೇಳ ಸುಮ್ನ."

ದೀಪಾ ಕುಕನೂರಿನವರೆಗೆ ಆಕಳಿಸುತ್ತ ಕೇಳಿದಳು. ಆಮೇಲೆ ಹುರುಪು ಬಂದು, ಸೀಟಿನ ಮೇಲೆ ಕಾಲು ಮಡಚಿ ಕೂತು, ಉತ್ತರ ಸರಿಯಿದ್ದರೂ "ಖರೇನ? ಹೆಂಗ?" ಎಂದು ಕೆದಕತೊಡಗಿದಳು. ಗದಗ ಬರುವಷ್ಟರಲ್ಲಿ ಇನ್ನೆರಡು ತಪ್ಪು ಸಿಕ್ಕವು. ಇಳಿಯುವಾಗ, "ದಿನಾ ಫೋನ್ ಮಾಡ, ಕೇಳ್ತೀನಿ" ಎಂದಳು. ಮಾಡುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅವಳಿಗೆ ನಾಳೆ ಆಫೀಸಿದೆ, ಕೆಂಪು ದಾರವಿದೆ.

ಹುಬ್ಬಳ್ಳಿಯ ಬಸ್ಸು ಊರು ದಾಟಿದ ಮೇಲೆ ರೇಣುಕಾ ಕಾಕುಗೆ ಫೋನು ಹಚ್ಚಿದಳು.

"ಕಾಕು, ಆ ಬಿಜಾಪುರದ ಹುಡುಗ್ಯಾರು ಅದಾರೇನ್ರಿ?"

"ಒಬ್ಬಾಕಿ ಬ್ಯಾರೆ ಕಡೆ ಹ್ವಾದ್ಲು. ಇನ್ನೊಬ್ಬಾಕಿ ಅದಾಳ. ಆದ್ರ ನಿನಗ ಸರಿಹೋಗಂಗಿಲ್ಲ ಬಿಡವಾ. ಏನಂದ್ರೂ ಎದುರು ಮಾತಾಡ್ತಾಳ. ನಾ ನಳದ ನೀರು ಆರಕ್ಕ ಬರ್ತಾವಂದ್ರ, ಇಲ್ಲ ಆರೂಕಾಲಕ್ಕ ಅಂತಾಳ."

"ಆಕಿನ್ನ ಕಳಿಸ್ರಿ," ಎಂದಳು ರೇಣುಕಾ. "ಬಾಡಿಗಿ ಮಾತ್ರ ಅರ್ಧಾ ಅರ್ಧಾ."

"ಅರ್ಧಾ ಹೆಂಗವಾ? ಮೂರು ಕಾಟಿನ ರೂಮು!" ಎಂದು ಕಾಕು ಶುರು ಮಾಡಿದರು. ಅಣ್ಣಿಗೇರಿ ಬರುವವರೆಗೂ ಚೌಕಾಸಿ ನಡೆಯಿತು.