ಅಮ್ಮನಿಗೆ ಒಂದು ಮೆಸೇಜ್

ಅಮ್ಮಾ, ಈಗ ಮಲಗಿರುತ್ತೀಯ. ಎದ್ದು ಕಾಫಿ ಕುಡಿದ ಮೇಲೆ ಓದು.

ನಿನ್ನೆ ವಿಡಿಯೋ ಕಾಲ್‌ನಲ್ಲಿ "ಮುಖ ತುಂಬಿಕೊಂಡಿದೆ, ಚೆನ್ನಾಗಿ ತಿನ್ನುತ್ತಿದ್ದೀಯ" ಅಂತ ಖುಷಿಪಟ್ಟೆಯಲ್ಲ? ತೂಕ 6 ಕಿಲೋ ಜಾಸ್ತಿ ಆಗಿದೆ ಅಮ್ಮ. ನೀನು ಹೊಲಿಸಿಕೊಟ್ಟ ಚೂಡಿದಾರ್ ತೋಳಿನ ಹತ್ತಿರ ಬಿಗಿ.

ತಮಾಷೆ ಏನು ಗೊತ್ತಾ? ಇಲ್ಲಿನ ಊಟ ನನಗೆ ರುಚಿಸುವುದೇ ಇಲ್ಲ. ಮಧ್ಯಾಹ್ನ ಚೀಸ್ ಹಾಕಿದ ಬ್ರೆಡ್ಡು, ರಾತ್ರಿ ಸುಸ್ತಾಗಿ ಬಂದರೆ ಪಾಸ್ತಾ, ಇಲ್ಲವೇ ಪಿಜ್ಜಾ. ಹೊಟ್ಟೆ ತುಂಬುತ್ತದೆ, ಊಟ ಮಾಡಿದ ಹಾಗೆ ಅನಿಸುವುದಿಲ್ಲ. ಅದಕ್ಕೇ ಮಲಗುವ ಮುಂಚೆ ಮತ್ತೆ ಬಿಸ್ಕತ್ತು, ಚಾಕೊಲೇಟು. ನಿನ್ನ ಬಿಸಿ ಅನ್ನ, ಸಾರು, ಮೇಲೊಂದು ಚಮಚ ತುಪ್ಪ, ಪಕ್ಕದಲ್ಲಿ ಬೀನ್ಸ್ ಪಲ್ಯ ಇದ್ದಿದ್ದರೆ ಒಂದೇ ತಟ್ಟೆಗೆ ಮನಸ್ಸು ತುಂಬುತ್ತಿತ್ತು. ಕೊನೆಗೆ ಮಜ್ಜಿಗೆ. ಬರೆಯುವಾಗಲೇ ಬಾಯಲ್ಲಿ ನೀರು! ಚಳಿಗೆ ನಡೆಯುವುದೂ ನಿಂತಿದೆ, ಅದನ್ನೂ ಲೆಕ್ಕಕ್ಕೆ ಸೇರಿಸು.

ಸುಮ್ನೆ ಗಾಬರಿ ಆಗಬೇಡ, ಆರೋಗ್ಯವಾಗಿದ್ದೀನಿ. ಅತ್ತೆಗೆ ಮಾತ್ರ ಹೇಳಬೇಡ, ಊರಿಗೆಲ್ಲ ಗೊತ್ತಾಗುತ್ತದೆ.

ಚಿಕ್ಕ ಕುಕ್ಕರ್ ತಗೊಂಡೆ. ತೊಗರಿಬೇಳೆ, ಹುಣಸೆಹಣ್ಣು ಇಲ್ಲೇ ಸಿಗುತ್ತವೆ. ಸಾರಿನ ಪುಡಿ ಮಾತ್ರ ನಿನ್ನದೇ ಆಗಬೇಕು. ಹೇಗೆ ಮಾಡುವುದು ಅಂತ ವಾಯ್ಸ್ ಮೆಸೇಜ್ ಕಳಿಸು. ಆದರೆ "ಒಂದು ಹಿಡಿ", "ಕಣ್ಣಳತೆ" ಅಂತೆಲ್ಲ ಬೇಡ, ಚಮಚದ ಲೆಕ್ಕದಲ್ಲಿ ಹೇಳು. ಭಾನುವಾರ ಫೋನ್ ಒಲೆಯ ಪಕ್ಕ ಇಟ್ಟುಕೊಂಡು ಮಾಡುತ್ತೀನಿ. ಒಗ್ಗರಣೆ ಸೀಯುವ ಮೊದಲು ಕೂಗು, ಆಯ್ತಾ?